ನಿಂತ ಪುಟಗಳ ನಡುವೆ ಒಂದು ಅಡ್ಡ ಪುಟ

ಹಲವು ವರದಿಗಳಲ್ಲಿ, ಸಂಶೋಧನಾ ಪ್ರಬಂಧಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ. ಹನ್ನೆರಡು ಪಾಯಿಂಟಿನ ಅಕ್ಷರದಲ್ಲಿ ಸಲೀಸಾಗಿ ಓದಿಸಿಕೊಂಡು ಹೋಗುವ ಬರಹ, ಕೋಷ್ಟಕ ಬಂದ ಕೂಡಲೇ ಆರು ಪಾಯಿಂಟಿಗೆ ಇಳಿದುಬಿಡುತ್ತದೆ. ಬರಹದ ಸಾರವೆಲ್ಲ ಆ ಕೋಷ್ಟಕದಲ್ಲೇ ಇರುತ್ತದೆ, ಆದರೆ ಓದುವವರು ಕನ್ನಡಕ ಸರಿಮಾಡಿಕೊಂಡು, ಪುಟವನ್ನು ಕಣ್ಣಿಗೆ ಹತ್ತಿರ ತಂದು, ಕೊನೆಗೆ ಬಿಟ್ಟು ಮುಂದೆ ಹೋಗುತ್ತಾರೆ. ಕನ್ನಡಕ್ಕೆ ಈ ಕುಗ್ಗಿಸುವಿಕೆ ಇನ್ನಷ್ಟು ಕಷ್ಟ ತರುತ್ತದೆ. ನಮ್ಮ ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕವು. ಮೂಲ ಅಕ್ಷರವೇ ಆರು ಪಾಯಿಂಟಾದರೆ ಕೆಳಗಿನ ಒತ್ತು ಬರೀ ಚುಕ್ಕೆಯಾಗುತ್ತದೆ. ದ ಮತ್ತು ಧ, ಪ ಮತ್ತು ಫ ಬೇರೆಯಾಗುವುದು ಕೆಳಗಿನ ಒಂದು ಸಣ್ಣ ಸೀಳಿನಿಂದ. ಅಷ್ಟು ಸಣ್ಣ ಗಾತ್ರದಲ್ಲಿ, ಅದರಲ್ಲೂ ಜೆರಾಕ್ಸ್ ಪ್ರತಿಯಲ್ಲಿ, ಆ ಸೀಳು ಉಳಿಯುವುದಿಲ್ಲ.

ಅಕ್ಷರ ಕುಗ್ಗಿಸುವ ಬದಲು ಆ ಒಂದು ಪುಟವನ್ನು ಮಾತ್ರ ಅಡ್ಡ ತಿರುಗಿಸಬಹುದು. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಒಂದೇ ಫೈಲಿನೊಳಗೆ ಮೂವತ್ತು ಪುಟ ನಿಂತಿದ್ದು, ಮೂವತ್ತೊಂದನೆಯದು ಮಲಗಿ, ಮೂವತ್ತೆರಡನೆಯದು ಮತ್ತೆ ನಿಲ್ಲಬಹುದು. ಇದನ್ನು ಮಾಡಲು ಹೋದವರಲ್ಲಿ ಅನೇಕರು ಒಂದು ಸಲ ಇಡೀ ಪ್ರಬಂಧವೇ ಅಡ್ಡವಾದದ್ದನ್ನು ಕಂಡು ಹೆದರಿ, ಕೋಷ್ಟಕವನ್ನು ಬೇರೆ ಫೈಲಿನಲ್ಲಿ ಮುದ್ರಿಸಿ ನಡುವೆ ಸೇರಿಸುತ್ತಾರೆ. ಆಗ ಪುಟ ಸಂಖ್ಯೆಯನ್ನು ಕೈಯಲ್ಲಿ ಹೊಂದಿಸಬೇಕು, ಪಿಡಿಎಫ್ ಎರಡಾಗುತ್ತದೆ, ಪರಿವಿಡಿ ತಪ್ಪುತ್ತದೆ. ವರ್ಡ್ ಪುಟದ ಆಕಾರವನ್ನು ಎಲ್ಲಿ ಬರೆದಿಟ್ಟುಕೊಳ್ಳುತ್ತದೆ ಎಂಬ ಒಂದು ವಿಷಯ ಗೊತ್ತಾದರೆ ಈ ಭಯಕ್ಕೆ ಕಾರಣವಿರುವುದಿಲ್ಲ.

ಮೊದಲು ಒಂದು ಕೋಷ್ಟಕ ಹಿಡಿದು ಲೆಕ್ಕ ಹಾಕೋಣ. ಶಿವಮೊಗ್ಗ ಜಿಲ್ಲೆಯ ಮಳೆಯ ಬಗ್ಗೆ ಒಬ್ಬ ವಿದ್ಯಾರ್ಥಿನಿ ಪ್ರಬಂಧ ಬರೆಯುತ್ತಿದ್ದಾರೆ ಎಂದುಕೊಳ್ಳಿ. ಹೋಬಳಿವಾರು, ತಿಂಗಳವಾರು ಮಳೆಯನ್ನು ಮಿಲಿಮೀಟರ್‌ಗಳಲ್ಲಿ ಕೊಡಬೇಕು. ಮೊದಲ ಕಾಲಂನಲ್ಲಿ ಹೋಬಳಿಯ ಹೆಸರು, ನಂತರ ಹನ್ನೆರಡು ತಿಂಗಳು, ಕೊನೆಗೆ ವರ್ಷದ ಮೊತ್ತ. ಒಟ್ಟು 14 ಕಾಲಂ. ಮಲೆನಾಡಿನ ಕಡೆ, ಆಗುಂಬೆಯಂಥ ಜಾಗದಲ್ಲಿ, ಜುಲೈ ಒಂದೇ ತಿಂಗಳ ಮಳೆ ಸಾವಿರ ಮಿಲಿಮೀಟರ್ ದಾಟುವುದರಿಂದ ಕಾಲಂಗಳಲ್ಲಿ 1108.4 ರಂಥ ಅಂಕಿಗಳಿಗೆ ಜಾಗ ಇರಲೇಬೇಕು.

ಎ4 ಹಾಳೆಯ ಅಗಲ 21 ಸೆಂಟಿಮೀಟರ್, ಎತ್ತರ 29.7. ಎಲ್ಲ ಕಡೆ ಒಂದು ಇಂಚು, ಅಂದರೆ 2.54 ಸೆಂ.ಮೀ. ಅಂಚು ಬಿಟ್ಟರೆ ಬರೆಯಲು ಸಿಗುವ ಅಗಲ 15.92 ಸೆಂ.ಮೀ. ಹೋಬಳಿಯ ಹೆಸರಿಗೆ 3 ಸೆಂ.ಮೀ. ಕೊಟ್ಟು ಉಳಿದದ್ದನ್ನು 13 ಅಂಕಿ ಕಾಲಂಗಳಿಗೆ ಹಂಚಿದರೆ ತಲಾ ಒಂದು ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ ಬರುತ್ತದೆ. ಟೈಮ್ಸ್ ನ್ಯೂ ರೋಮನ್ ಅಕ್ಷರದಲ್ಲಿ, 11 ಪಾಯಿಂಟಿನಲ್ಲಿ 1108.4 ಎಂದು ಬರೆಯಲು ಸುಮಾರು 1.07 ಸೆಂ.ಮೀ. ಬೇಕು. ವರ್ಡ್ ಪ್ರತಿ ಕೋಶದ ಎಡಕ್ಕೂ ಬಲಕ್ಕೂ 0.19 ಸೆಂ.ಮೀ. ತೆರವು ಬಿಡುತ್ತದೆ. ಎಲ್ಲ ಕೂಡಿದರೆ ಕಾಲಂ 1.45 ಸೆಂ.ಮೀ. ಇರಬೇಕಾಗುತ್ತದೆ. ಇರುವುದು ಒಂದು. ಜಾಗ ಸಾಲದಿದ್ದಾಗ ವರ್ಡ್ ಅಂಕಿಯನ್ನೇ ಮುರಿದು ಒಂದು ತುಂಡನ್ನು ಒಂದು ಸಾಲಿನಲ್ಲೂ ಉಳಿದದ್ದನ್ನು ಕೆಳಗಿನ ಸಾಲಿನಲ್ಲೂ ಇಡುತ್ತದೆ. ಅದು ತಪ್ಪು ಓದಿಗೆ ನೇರ ದಾರಿ. ಮುರಿಯದ ಹಾಗೆ ಕೂರಿಸಬೇಕೆಂದರೆ ಅಕ್ಷರವನ್ನು ಆರು ಪಾಯಿಂಟಿನ ಹತ್ತಿರಕ್ಕೆ ಇಳಿಸಬೇಕು.

ಅದೇ ಹಾಳೆಯನ್ನು ಅಡ್ಡ ತಿರುಗಿಸಿದರೆ ಬರೆಯುವ ಅಗಲ 24.62 ಸೆಂ.ಮೀ. ಆಗುತ್ತದೆ. ಹೆಸರಿಗೆ 3 ಹೋಗಿ, ಉಳಿದ 21.62 ಅನ್ನು 13ಕ್ಕೆ ಹಂಚಿದರೆ ಒಂದೊಂದು ಕಾಲಂಗೆ 1.66. ಬೇಕಾದದ್ದು 1.45. ಅಂಕಿ 11 ಪಾಯಿಂಟಿನಲ್ಲೇ ಹಾಯಾಗಿ ಕೂರುತ್ತದೆ. ಈ ಲೆಕ್ಕವನ್ನು ಮೊದಲೇ ಹಾಕಿ ನೋಡುವುದು ಒಳ್ಳೆಯದು, ಏಕೆಂದರೆ ಎಂಟು ಕಾಲಂನ ಕೋಷ್ಟಕಕ್ಕೆ ಪುಟ ತಿರುಗಿಸಬೇಕಾಗಿಯೇ ಇರುವುದಿಲ್ಲ, ಇಪ್ಪತ್ತೈದು ಕಾಲಂನದಕ್ಕೆ ತಿರುಗಿಸಿದರೂ ಸಾಲುವುದಿಲ್ಲ.

ಈಗ ಪುಟದ ಆಕಾರದ ಗುಟ್ಟಿಗೆ ಬರೋಣ. ವರ್ಡ್‌ನಲ್ಲಿ ಪುಟ ಎನ್ನುವುದಕ್ಕೆ ಸ್ವಂತ ಆಕಾರ ಇಲ್ಲ. ನಾವು ಬರೆದಂತೆಲ್ಲ ಬರಹ ಹರಿಯುತ್ತದೆ, ಪುಟ ತುಂಬಿದಾಗ ಮುಂದಿನ ಪುಟ ತಾನೇ ಹುಟ್ಟುತ್ತದೆ. ಇವತ್ತಿನ ಮೂವತ್ತೊಂದನೇ ಪುಟ ನಾಳೆ ಎರಡು ಪ್ಯಾರಾ ಸೇರಿಸಿದರೆ ಮೂವತ್ತೆರಡನೆಯದಾಗುತ್ತದೆ. ಆದ್ದರಿಂದ "ಮೂವತ್ತೊಂದನೇ ಪುಟವನ್ನು ತಿರುಗಿಸು" ಎಂದು ಹೇಳಲು ವರ್ಡ್‌ನಲ್ಲಿ ದಾರಿಯೇ ಇಲ್ಲ. ಹಾಳೆಯ ಅಳತೆ, ಅದು ನಿಂತಿದೆಯೋ ಮಲಗಿದೆಯೋ, ಅಂಚು ಎಷ್ಟು, ಹೆಡರ್ ಫೂಟರ್‌ನಲ್ಲಿ ಏನಿದೆ, ಪುಟ ಸಂಖ್ಯೆ ಎಲ್ಲಿಂದ ಶುರು, ಇವೆಲ್ಲ ಸೇರಿರುವುದು ಸೆಕ್ಷನ್‌ಗೆ. ಹೊಸ ಫೈಲ್ ತೆರೆದಾಗ ಇಡೀ ಫೈಲು ಒಂದೇ ಸೆಕ್ಷನ್ ಆಗಿರುತ್ತದೆ. ಅದಕ್ಕೇ Orientation ಗುಂಡಿ ಒತ್ತಿದರೆ ಎಲ್ಲ ಪುಟಗಳೂ ಒಟ್ಟಿಗೆ ತಿರುಗುವುದು. ಒಂದು ಹೊಲದ ನಡುವೆ ಬದು ಹಾಕಿ ಬೇರೆ ಬೆಳೆ ಇಡುವ ಹಾಗೆ, ಕೋಷ್ಟಕದ ಮೊದಲು ಒಂದು, ನಂತರ ಒಂದು ಸೆಕ್ಷನ್ ಬ್ರೇಕ್ ಹಾಕಿದರೆ ಫೈಲು ಮೂರು ಪಾಲಾಗುತ್ತದೆ. ನಡುವಿನ ಪಾಲನ್ನು ಮಾತ್ರ ಅಡ್ಡ ಮಾಡಬಹುದು.

ಮಾಡುವ ಬಗೆ ಹೀಗೆ. ಮೊದಲು ಕೀಬೋರ್ಡಿನಲ್ಲಿ Ctrl, Shift, 8 ಒಟ್ಟಿಗೆ ಒತ್ತಿ, ಅಥವಾ Home ಟ್ಯಾಬಿನಲ್ಲಿರುವ ¶ ಗುರುತನ್ನು ಒತ್ತಿ. ಅಡಗಿರುವ ಗುರುತುಗಳೆಲ್ಲ ಪರದೆಯ ಮೇಲೆ ಕಾಣತೊಡಗುತ್ತವೆ. ಇದನ್ನು ಬಿಟ್ಟು ಸೆಕ್ಷನ್ ಕೆಲಸಕ್ಕೆ ಕೈ ಹಾಕಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕಾಣದ ಬ್ರೇಕನ್ನು ಬ್ಯಾಕ್‌ಸ್ಪೇಸ್ ಒತ್ತಿ ಅಳಿಸುವುದರಿಂದಲೇ ಹೆಚ್ಚಿನ ಅನಾಹುತಗಳು ಆಗುವುದು. ನಂತರ ಪರದೆಯ ಕೆಳಗಿನ ಪಟ್ಟಿಯ ಮೇಲೆ ಮೌಸಿನ ಬಲ ಗುಂಡಿ ಒತ್ತಿ, ಬರುವ ಪಟ್ಟಿಯಲ್ಲಿ Section ಎಂಬುದನ್ನು ಆರಿಸಿಕೊಳ್ಳಿ. ಕರ್ಸರ್ ಈಗ ಎಷ್ಟನೇ ಸೆಕ್ಷನ್‌ನಲ್ಲಿದೆ ಎಂದು ಅಲ್ಲಿ ಸದಾ ಕಾಣುತ್ತಿರುತ್ತದೆ.

ಕೋಷ್ಟಕದ ಶೀರ್ಷಿಕೆ ಮೇಲಿದ್ದರೆ ಆ ಶೀರ್ಷಿಕೆಯ ಮೊದಲ ಅಕ್ಷರದ ಹಿಂದೆ ಕರ್ಸರ್ ಇಡಿ. ಕೋಷ್ಟಕದ ಹಿಂದೆ ಇಟ್ಟರೆ ಶೀರ್ಷಿಕೆ ನಿಂತ ಪುಟದ ಕೆಳಗೆ ಒಂಟಿಯಾಗಿ ಉಳಿದು, ಕೋಷ್ಟಕ ಮಾತ್ರ ಮುಂದಿನ ಪುಟಕ್ಕೆ ಹೋಗುತ್ತದೆ. ಮೇಲಿನ ಸಾಲಿನಲ್ಲಿ Layout ಟ್ಯಾಬ್ ತೆರೆದು Breaks ಒತ್ತಿ, Section Breaks ಎಂಬ ತಲೆಬರಹದ ಕೆಳಗಿನ Next Page ಆರಿಸಿ. 2016ಕ್ಕಿಂತ ಹಿಂದಿನ ವರ್ಡ್‌ಗಳಲ್ಲಿ ಈ ಟ್ಯಾಬಿನ ಹೆಸರು Page Layout ಎಂದಿರುತ್ತದೆ. ಅದೇ ಪಟ್ಟಿಯ ಮೇಲುಗಡೆ ಬರೀ Page ಎಂದೂ ಒಂದಿದೆ. ಅದು ಬರಹವನ್ನು ಮುಂದಿನ ಪುಟಕ್ಕೆ ತಳ್ಳುತ್ತದೆಯೇ ಹೊರತು ಸೆಕ್ಷನ್ ಮಾಡುವುದಿಲ್ಲ. ಕಣ್ಣಿಗೆ ಎರಡರ ಫಲವೂ ಒಂದೇ ತರಹ ಕಾಣುವುದರಿಂದ ಇಲ್ಲಿ ಎಡವುವವರು ಬಹಳ. ¶ ತೆರೆದಿದ್ದರೆ ಅನುಮಾನಕ್ಕೆ ಎಡೆಯಿಲ್ಲ: ಸರಿಯಾದದ್ದು ಬಿದ್ದಿದ್ದರೆ ಜೋಡಿ ಚುಕ್ಕೆಗೆರೆಯ ನಡುವೆ Section Break (Next Page) ಎಂದು ಬರೆದಿರುತ್ತದೆ.

ಈಗ ಕೋಷ್ಟಕದ ಕೆಳಗಿನ ಟಿಪ್ಪಣಿ, ಆಧಾರದ ಸಾಲು ಎಲ್ಲ ಮುಗಿದ ಮೇಲೆ ಬರುವ ಪ್ಯಾರಾದ ಮೊದಲಿಗೆ ಹೋಗಿ ಮತ್ತೊಂದು Next Page ಹಾಕಿ. ಎರಡೂ ಬಿದ್ದ ಮೇಲಷ್ಟೇ ಕೋಷ್ಟಕದೊಳಗೆ ಎಲ್ಲಾದರೂ ಒಂದು ಕಡೆ ಕ್ಲಿಕ್ ಮಾಡಿ, Layout ಟ್ಯಾಬಿನಲ್ಲಿ Orientation ತೆರೆದು Landscape ಒತ್ತಿ. ಕೆಳಗಿನ ಪಟ್ಟಿಯಲ್ಲಿ ಸೆಕ್ಷನ್ 2 ಎಂದು ತೋರುತ್ತಿರುವಾಗ ಈ ಗುಂಡಿ ಒತ್ತಿದರೆ ತಿರುಗುವುದು ಎರಡನೇ ಸೆಕ್ಷನ್ ಮಾತ್ರ. ಮೊದಲಿನ ಬ್ರೇಕ್ ಒಂದನ್ನೇ ಹಾಕಿ ತಿರುಗಿಸಿಬಿಟ್ಟರೆ ಕೋಷ್ಟಕದಿಂದ ಹಿಡಿದು ಫೈಲಿನ ಕೊನೆಯವರೆಗೆ ಎಲ್ಲವೂ ಅಡ್ಡವಾಗುತ್ತದೆ, ಏಕೆಂದರೆ ಆ ಸೆಕ್ಷನ್ ಎಲ್ಲಿ ಮುಗಿಯಬೇಕೆಂದು ನಾವು ಇನ್ನೂ ಹೇಳಿಲ್ಲ.

ಇದಕ್ಕಿಂತ ಚಿಕ್ಕ ದಾರಿಯೂ ಇದೆ. ಶೀರ್ಷಿಕೆ, ಕೋಷ್ಟಕ, ಆಧಾರದ ಸಾಲು ಮೂರನ್ನೂ ಸೇರಿಸಿ ಸೆಲೆಕ್ಟ್ ಮಾಡಿ, Layout ಟ್ಯಾಬಿನ Margins ಒಳಗೆ Custom Margins ತೆರೆದು, Landscape ಆರಿಸಿ, ಅದೇ ಕಿಟಕಿಯ ಕೆಳಗಿರುವ Apply to ಎಂಬಲ್ಲಿ Selected text ಎಂದು ಇಟ್ಟರೆ ವರ್ಡ್ ತಾನೇ ಎರಡೂ ಕಡೆ ಬ್ರೇಕ್ ಹಾಕಿ ನಡುವಿನದನ್ನು ತಿರುಗಿಸುತ್ತದೆ. ಆತುರದಲ್ಲಿದ್ದಾಗ ಇದು ಅನುಕೂಲವೇ. ಆದರೂ ಮೊದಲ ಕೆಲವು ಸಲ ಬ್ರೇಕ್‌ಗಳನ್ನು ಕೈಯಾರೆ ಹಾಕುವುದು ಮೇಲು. ಎಲ್ಲಿ ಏನು ಬಿತ್ತು ಎಂಬುದು ಮನಸ್ಸಿನಲ್ಲಿ ಉಳಿಯುತ್ತದೆ.

ಪುಟ ತಿರುಗಿದರೂ ಕೋಷ್ಟಕ ಹಳೆಯ ಅಗಲದಲ್ಲೇ ಎಡಕ್ಕೆ ಅಂಟಿಕೊಂಡಿರಬಹುದು. ಕೋಷ್ಟಕದೊಳಗೆ ಕ್ಲಿಕ್ ಮಾಡಿದಾಗ ಕೊನೆಯಲ್ಲಿ ಇನ್ನೊಂದು ಟ್ಯಾಬ್ ಹುಟ್ಟುತ್ತದೆ. ಹೊಸ ವರ್ಡ್‌ನಲ್ಲಿ ಅದರ ಹೆಸರು Table Layout. ಹಳೆಯದರಲ್ಲಿ ಅದೂ ಬರೀ Layout ಆಗಿದ್ದು ಗೊಂದಲ ಮಾಡುತ್ತದೆ. ಅಲ್ಲಿ AutoFit ಒಳಗಿನ AutoFit Window ಒತ್ತಿದರೆ ಕೋಷ್ಟಕ ಅಂಚಿನಿಂದ ಅಂಚಿಗೆ ಹರಡುತ್ತದೆ. ನಂತರ ಹೋಬಳಿಯ ಹೆಸರಿನ ಕಾಲಂಗೆ 3 ಸೆಂ.ಮೀ. ಕೊಟ್ಟು, ಉಳಿದ ಹದಿಮೂರನ್ನು ಸೆಲೆಕ್ಟ್ ಮಾಡಿ Distribute Columns ಒತ್ತಿದರೆ ಅವೆಲ್ಲ ಸಮನಾಗುತ್ತವೆ. ತಿಂಗಳ ಹೆಸರುಗಳು ಮಾತ್ರ ಇನ್ನೂ ಕಾಡುತ್ತವೆ. "ಸೆಪ್ಟೆಂಬರ್" 1.66 ಸೆಂ.ಮೀ. ಕಾಲಂನಲ್ಲಿ ಪೂರ್ತಿ ಕೂರದೆ ಎರಡು ಸಾಲಾಗಿ ಮುರಿಯುತ್ತದೆ. ಅಂಕಿಗಳನ್ನು ಕುಗ್ಗಿಸುವ ಬದಲು ತಲೆಬರಹವನ್ನೇ "ಸೆಪ್ಟೆಂ." ಎಂದು ಮೊಟಕು ಮಾಡುವುದು ಸರಿ, ಹನ್ನೆರಡು ತಿಂಗಳನ್ನು ಸಾಲಾಗಿ ನೋಡಿದವರಿಗೆ ಅದು ಯಾವ ತಿಂಗಳೆಂದು ಹೇಳಬೇಕಾಗಿಲ್ಲ.

ಅಡ್ಡ ಪುಟ ಅಗಲವನ್ನು ಕೊಟ್ಟು ಎತ್ತರವನ್ನು ಕಿತ್ತುಕೊಳ್ಳುತ್ತದೆ. ಬರೆಯಲು ಉಳಿಯುವ ಎತ್ತರ 15.92 ಸೆಂ.ಮೀ. ಮಾತ್ರ. ಶೀರ್ಷಿಕೆಗೆ ಜಾಗ ಬಿಟ್ಟರೆ ಇಪ್ಪತ್ತೈದರ ಆಸುಪಾಸಿನ ಸಾಲುಗಳು ಹಿಡಿದಾವು. ಹೋಬಳಿಗಳ ಪಟ್ಟಿ ಅದಕ್ಕಿಂತ ಉದ್ದವಿದ್ದರೆ ಕೋಷ್ಟಕ ಎರಡನೇ ಅಡ್ಡ ಪುಟಕ್ಕೆ ಹರಿಯುತ್ತದೆ, ಅದಕ್ಕೆ ಮತ್ತೊಂದು ಬ್ರೇಕ್ ಬೇಕಿಲ್ಲ, ಸೆಕ್ಷನ್ ಮುಗಿಯುವವರೆಗೂ ಪುಟಗಳು ಅಡ್ಡವೇ ಬರುತ್ತವೆ. ಆದರೆ ಎರಡನೇ ಪುಟದಲ್ಲಿ ತಿಂಗಳ ಹೆಸರಿಲ್ಲದೆ ಬರೀ ಅಂಕಿಗಳು ನಿಂತಿದ್ದರೆ ಓದುವವರು ಹಿಂದೆ ಮುಂದೆ ಮಗುಚಬೇಕಾಗುತ್ತದೆ. ತಲೆಬರಹದ ಸಾಲಿನಲ್ಲಿ ಕರ್ಸರ್ ಇಟ್ಟು Table Layout ಟ್ಯಾಬಿನ Repeat Header Rows ಒತ್ತಿದರೆ ಪ್ರತಿ ಪುಟದ ಮೇಲೂ ಆ ಸಾಲು ಮರಳಿ ಬರುತ್ತದೆ. ಒತ್ತಿದರೂ ಬರದಿದ್ದರೆ ಕೋಷ್ಟಕದ Properties ಒಳಗೆ Text wrapping ಎಂಬುದು Around ಎಂದಿದೆಯೇ ನೋಡಿ. ಅದನ್ನು None ಮಾಡಬೇಕು. ಕೋಷ್ಟಕದ ನಡುವೆ ಕೈಯಾರೆ ಪುಟ ಬ್ರೇಕ್ ಹಾಕಿದ್ದರೂ ತಲೆಬರಹ ಮರಳುವುದಿಲ್ಲ.

ಇಲ್ಲಿಯವರೆಗಿನದು ಸಲೀಸು. ಸೆಕ್ಷನ್ ಬ್ರೇಕ್‌ನ ನಿಜವಾದ ಸ್ವಭಾವ ತಿಳಿಯುವುದು ಅದನ್ನು ಅಳಿಸಿದಾಗ. ಒಂದು ಸೆಕ್ಷನ್‌ನ ಆಕಾರ, ಅಂಚು, ಹೆಡರ್‌ಗಳ ವಿವರವೆಲ್ಲ ಆ ಸೆಕ್ಷನ್‌ನ ಕೊನೆಯಲ್ಲಿರುವ ಬ್ರೇಕ್‌ನಲ್ಲಿ ಅಡಗಿರುತ್ತದೆ. ಬ್ರೇಕ್ ತನ್ನ ಹಿಂದಿರುವ ಬರಹಕ್ಕೆ ಸೇರಿದ್ದು, ಮುಂದಿನದಕ್ಕಲ್ಲ. ಫೈಲಿನ ಕಟ್ಟಕಡೆಯ ಸೆಕ್ಷನ್‌ಗೆ ಮಾತ್ರ ಬ್ರೇಕ್ ಇರುವುದಿಲ್ಲ. ಅದರ ವಿವರ ಫೈಲಿನ ಕೊನೆಗೆ, ಕೊನೆಯ ¶ ಗುರುತಿನ ಜೊತೆಗಿರುತ್ತದೆ.

ಹಾಗಾದರೆ ನಮ್ಮ ಮಳೆ ಪ್ರಬಂಧದಲ್ಲಿ ಕೋಷ್ಟಕದ ಮೇಲಿರುವ ಮೊದಲ ಬ್ರೇಕನ್ನು ಅಳಿಸಿದರೆ ಏನಾಗುತ್ತದೆ? ಕೋಷ್ಟಕ ನಿಂತ ಪುಟಕ್ಕೆ ಮರಳುತ್ತದೆ ಎಂದು ಎಲ್ಲರೂ ಎಣಿಸುತ್ತಾರೆ. ಆಗುವುದು ತಿರುವುಮುರುವು. ಆ ಬ್ರೇಕ್‌ನಲ್ಲಿದ್ದದ್ದು ಮೊದಲ ಮೂವತ್ತು ಪುಟಗಳ "ನಿಂತ" ಗುಣ. ಅದು ಹೋದ ಕೂಡಲೇ ಆ ಮೂವತ್ತೂ ಪುಟಗಳು ಮುಂದಿನ ಸೆಕ್ಷನ್‌ಗೆ ಸೇರಿ ಅದರ ಗುಣ ಪಡೆದು ಅಡ್ಡ ಬೀಳುತ್ತವೆ. ಎರಡನೇ ಬ್ರೇಕ್ ಅಳಿಸಿದರೆ ಕೋಷ್ಟಕವು ಕೆಳಗಿನ ನಿಂತ ಸೆಕ್ಷನ್‌ಗೆ ಸೇರಿ ತಾನೂ ನಿಲ್ಲುತ್ತದೆ. ಇಡೀ ಫೈಲು ಒಂದೇ ಏಟಿಗೆ ಅಡ್ಡವಾಗುವ ಆ ಕುಖ್ಯಾತ ಅನುಭವಕ್ಕೆ ಕಾರಣ ಇಷ್ಟೇ. Ctrl ಮತ್ತು Z ಒತ್ತಿದರೆ ಬ್ರೇಕ್ ಮರಳಿ ಬರುತ್ತದೆ, ಏನೂ ಕಳೆದಿರುವುದಿಲ್ಲ.

ಅಡ್ಡ ಪುಟವೇ ಬೇಡವೆನಿಸಿದರೆ ಮೊದಲು ಕೋಷ್ಟಕದೊಳಗೆ ಕ್ಲಿಕ್ ಮಾಡಿ ಆ ಸೆಕ್ಷನ್ನನ್ನು Portrait ಮಾಡಿ, ಅದರ ನಂತರ ಎರಡೂ ಬ್ರೇಕ್‌ಗಳನ್ನು ಅಳಿಸಿ. ಮೂರೂ ಸೆಕ್ಷನ್‌ಗಳ ಆಕಾರ ಒಂದೇ ಆದ ಮೇಲೆ ಯಾವುದು ಯಾವುದಕ್ಕೆ ಸೇರಿದರೂ ಪುಟಗಳು ಕದಲುವುದಿಲ್ಲ. ಪ್ರಬಂಧದ ಅಧ್ಯಾಯಗಳನ್ನು ಬೇರೆ ಬೇರೆ ಫೈಲಿನಲ್ಲಿ ಬರೆದು ಕೊನೆಗೆ ಒಂದುಗೂಡಿಸುವವರಿಗೂ ಇದೇ ನಿಯಮ ಉಪಯೋಗಕ್ಕೆ ಬರುತ್ತದೆ: ಅಡ್ಡ ಕೋಷ್ಟಕವನ್ನು ಅದರ ಕೆಳಗಿನ ಬ್ರೇಕ್ ಸಮೇತ ನಕಲು ಮಾಡಿ ಅಂಟಿಸಿದರೆ ಆಕಾರವೂ ಜೊತೆಗೆ ಬರುತ್ತದೆ, ಬ್ರೇಕ್ ಬಿಟ್ಟು ಅಂಟಿಸಿದರೆ ಕೋಷ್ಟಕ ಹೋದ ಜಾಗದ ಆಕಾರವನ್ನೇ ತೊಡುತ್ತದೆ. ಹಾಗೆ ತರುವಾಗ ಇನ್ನೊಂದನ್ನು ನೋಡಬೇಕು. ಕೆಲವು ಕಂಪ್ಯೂಟರುಗಳಲ್ಲಿ ವರ್ಡ್ ಎ4 ಬದಲು ಅಮೆರಿಕದ Letter ಅಳತೆಯಲ್ಲಿ ಹೊಂದಿಸಿರುತ್ತದೆ, 21.59ಕ್ಕೆ 27.94 ಸೆಂ.ಮೀ. ಅಲ್ಲಿಂದ ಬಂದ ಸೆಕ್ಷನ್ ಆ ಅಳತೆಯನ್ನೂ ಹೊತ್ತು ತರುತ್ತದೆ. ಪರದೆಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ; ಪ್ರಿಂಟರ್ ಆ ಪುಟ ಬಂದಾಗ ಬೇರೆ ಹಾಳೆ ಕೇಳಿಕೊಂಡು ನಿಲ್ಲಬಹುದು. Layout ಟ್ಯಾಬಿನ Size ಒಳಗೆ A4 ಎಂದಿದೆಯೇ ಎಂದು ಪ್ರತಿ ಸೆಕ್ಷನ್‌ನಲ್ಲೂ ನೋಡಿದರೆ ಸಾಕು.

ಹೆಡರ್ ಮತ್ತು ಪುಟ ಸಂಖ್ಯೆಯ ತೊಂದರೆಗೂ ಬೇರು ಸೆಕ್ಷನ್‌ನಲ್ಲೇ ಇದೆ. ಹೊಸ ಸೆಕ್ಷನ್‌ನ ಹೆಡರ್ ಹಿಂದಿನದಕ್ಕೆ ಕೊಂಡಿ ಹಾಕಿಕೊಂಡಿರುತ್ತದೆ. ಹೆಡರ್ ತೆರೆದಾಗ Link to Previous ಒತ್ತಿದ ಸ್ಥಿತಿಯಲ್ಲಿ ಕಾಣುವುದು ಅದನ್ನೇ. ಕೊಂಡಿ ಇರುವುದು ಒಳ್ಳೆಯದೇ, ಒಂದೇ ಕಡೆ ತಿದ್ದಿದರೆ ಎಲ್ಲ ಕಡೆ ತಿದ್ದಿದಂತಾಗುತ್ತದೆ. ಆದರೆ ಅಡ್ಡ ಪುಟದಲ್ಲಿ ಬಲ ಅಂಚಿನಲ್ಲಿರಬೇಕಾದ ಪುಟ ಸಂಖ್ಯೆ ಹಾಳೆಯ ನಡುವೆ ಎಲ್ಲೋ ತೇಲುತ್ತದೆ. ಏಕೆಂದರೆ ಹೆಡರ್‌ನಲ್ಲಿ ನಾವು ಟ್ಯಾಬ್ ಒತ್ತಿ ಹೋಗುವ ಜಾಗ ಎಡ ಅಂಚಿನಿಂದ ಇಂತಿಷ್ಟು ಸೆಂಟಿಮೀಟರ್ ಎಂದು ನಿಂತ ಪುಟಕ್ಕೆ ಅಳೆದಿಟ್ಟದ್ದು. ಹಾಳೆ ಅಗಲವಾದರೂ ಆ ಅಳತೆ ಬದಲಾಗುವುದಿಲ್ಲ.

ಅನೇಕರು ಇಲ್ಲಿ ಕೊಂಡಿ ಕಡಿದು ಅಡ್ಡ ಪುಟಕ್ಕೆ ಬೇರೆಯೇ ಹೆಡರ್ ಬರೆಯುತ್ತಾರೆ. ಅದಕ್ಕಿಂತ ಅಚ್ಚುಕಟ್ಟಾದ ಉಪಾಯ 2007ರಿಂದಲೂ ವರ್ಡ್‌ನಲ್ಲಿದೆ, ಬಳಸುವವರು ಕಡಿಮೆ. ಮೊದಲ ಸೆಕ್ಷನ್‌ನ ಹೆಡರ್ ತೆರೆದು, ಪುಟ ಸಂಖ್ಯೆಯ ಹಿಂದಿರುವ ಟ್ಯಾಬನ್ನು ಅಳಿಸಿ, ಅದೇ ಜಾಗದಲ್ಲಿ Header & Footer ಟ್ಯಾಬಿನ Insert Alignment Tab ಒತ್ತಿ, Right ಆರಿಸಿ, ಕೆಳಗೆ Margin ಎಂದು ಇರಲಿ. ಇದು ಸೆಂಟಿಮೀಟರ್ ಎಣಿಸುವುದಿಲ್ಲ. ಆ ಪುಟದ ಬಲ ಅಂಚು ಎಲ್ಲಿದೆಯೋ ಅಲ್ಲಿಗೆ ಹೋಗಿ ನಿಲ್ಲುತ್ತದೆ. ನಿಂತ ಪುಟದಲ್ಲೂ ಅಡ್ಡ ಪುಟದಲ್ಲೂ ಒಂದೇ ಹೆಡರ್ ತಾನೇ ಹೊಂದಿಕೊಳ್ಳುತ್ತದೆ, ಕೊಂಡಿ ಕಡಿಯುವ ಅಗತ್ಯವೇ ಬೀಳುವುದಿಲ್ಲ. ಪುಟ ಸಂಖ್ಯೆ ಮತ್ತೆ 1 ರಿಂದ ಶುರುವಾಗಿದ್ದರೆ ಆ ಸಂಖ್ಯೆಯ ಮೇಲೆ ಬಲ ಗುಂಡಿ ಒತ್ತಿ Format Page Numbers ತೆರೆದು Continue from previous section ಆರಿಸಬೇಕು.

ಪ್ರಬಂಧವನ್ನು ಬೈಂಡ್ ಮಾಡಿಸುವವರಿಗೆ ಇಷ್ಟು ಸಾಲುವುದಿಲ್ಲ. ಬೈಂಡಿಂಗ್‌ಗೆಂದು ಎಡಗಡೆ ಒಂದೂವರೆ ಇಂಚು, ಅಂದರೆ 3.81 ಸೆಂ.ಮೀ. ಬಿಟ್ಟಿದ್ದೀರಿ ಎಂದುಕೊಳ್ಳಿ. ಅಡ್ಡ ಪುಟವೂ ಕೊನೆಗೆ ಉಳಿದ ಹಾಳೆಗಳ ಜೊತೆ ನಿಂತೇ ಹೊಲಿಗೆಗೆ ಹೋಗುತ್ತದೆ; ಓದುವವರು ಪುಸ್ತಕವನ್ನು ಬಲಕ್ಕೆ ತಿರುಗಿಸಿ ಹಿಡಿಯುತ್ತಾರೆ. ಆಗ ಹೊಲಿಗೆಯ ಕಡೆ ಇರುವುದು ಅಡ್ಡ ಪುಟದ ಮೇಲ್ಭಾಗ. ಆದ್ದರಿಂದ ಆ ಅಗಲದ ಅಂಚು ಅಡ್ಡ ಪುಟದಲ್ಲಿ ಮೇಲ್ಗಡೆ ಬರಬೇಕು. Orientation ಬದಲಿಸಿದಾಗ ವರ್ಡ್ ಅಂಚುಗಳನ್ನೂ ಪುಟದ ಜೊತೆ ತಿರುಗಿಸುತ್ತದೆ, ಆದರೂ Custom Margins ತೆರೆದು Top ಎದುರು 3.81 ಇದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ. ಅದು ತಪ್ಪಿದ್ದರೆ ಕೋಷ್ಟಕದ ತಲೆಬರಹ ಹೊಲಿಗೆಯೊಳಗೆ ಸೇರಿಹೋಗುತ್ತದೆ, ಬೈಂಡ್ ಆದ ಮೇಲೆ ಅದಕ್ಕೆ ಪರಿಹಾರವಿಲ್ಲ. ಮೇಲೆ ಅಷ್ಟು ಬಿಟ್ಟ ಮೇಲೆ ಸಾಲುಗಳಿಗೆ ಉಳಿಯುವ ಎತ್ತರ 14.65 ಸೆಂ.ಮೀ.ಗೆ ಇಳಿಯುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಬೈಂಡ್ ಆದ ಪುಸ್ತಕದಲ್ಲಿ ಎಲ್ಲ ಪುಟಗಳ ಸಂಖ್ಯೆಯೂ ಒಂದೇ ಜಾಗದಲ್ಲಿ, ಒಂದೇ ದಿಕ್ಕಿಗೆ ಇರಬೇಕೆಂದು ಕೇಳುವ ಮಾರ್ಗದರ್ಶಕರೂ ಇದ್ದಾರೆ. ನಿಂತ ಪುಟಗಳಲ್ಲಿ ಸಂಖ್ಯೆ ಕೆಳಗೆ ನಡುವೆ ಇದ್ದರೆ, ಅಡ್ಡ ಪುಟದಲ್ಲಿ ಅದೇ ಜಾಗ ಎಂದರೆ ಎಡ ಅಂಚಿನ ನಡುಭಾಗ. ಅಲ್ಲಿಗೆ ಫೂಟರ್ ತಾನಾಗಿ ಹೋಗುವುದಿಲ್ಲ, ಇಲ್ಲಿ ಮಾತ್ರ ಕೊಂಡಿ ಕಡಿಯಲೇಬೇಕು. ಕಡಿಯುವ ಕ್ರಮ ಮುಖ್ಯ. ಮೊದಲು ಮೂರನೇ ಸೆಕ್ಷನ್‌ನ ಫೂಟರಿಗೆ ಹೋಗಿ Link to Previous ಬಿಡಿಸಿ, ಆಮೇಲೆ ಎರಡನೆಯದರಲ್ಲಿ ಬಿಡಿಸಿ, ನಂತರ ಎರಡನೆಯದನ್ನು ತಿದ್ದಿ. ಮೂರನೆಯದನ್ನು ಮರೆತರೆ ಅಡ್ಡ ಪುಟಕ್ಕೆ ಮಾಡಿದ ಬದಲಾವಣೆ ಮುಂದಿನ ಎಲ್ಲ ನಿಂತ ಪುಟಗಳಿಗೂ ಹರಿದುಹೋಗುತ್ತದೆ. ಎರಡನೇ ಸೆಕ್ಷನ್‌ನ ಫೂಟರಿನಲ್ಲಿರುವ ಸಂಖ್ಯೆಯನ್ನು ತೆಗೆದು, ಫೂಟರ್ ತೆರೆದಿರುವಾಗಲೇ ಎಡ ಅಂಚಿನಲ್ಲಿ ಒಂದು ಟೆಕ್ಸ್ಟ್ ಬಾಕ್ಸ್ ಇಟ್ಟು, ಅದರೊಳಗೆ ಪುಟ ಸಂಖ್ಯೆ ಹಾಕಿ, Text Direction ಒಳಗೆ Rotate all text 90° ಆರಿಸಿ, ಬಾಕ್ಸಿನ ಗೆರೆ ಅಳಿಸಿದರೆ ಪುಸ್ತಕ ನೇರ ಹಿಡಿದಾಗ ಆ ಸಂಖ್ಯೆ ಉಳಿದವುಗಳ ಸಾಲಿಗೇ ಬರುತ್ತದೆ. ಪರದೆಯ ಮೇಲೆ ಪಿಡಿಎಫ್ ಆಗಿ ಓದುವ ವರದಿಗೆ ಇಷ್ಟು ಶ್ರಮ ಬೇಡ. ಅಲ್ಲಿ ಅಡ್ಡ ಪುಟ ಅಡ್ಡವಾಗಿಯೇ ತೆರೆದುಕೊಳ್ಳುತ್ತದೆ, ಸಂಖ್ಯೆ ನೆಟ್ಟಗಿದ್ದರೇ ಚೆನ್ನ.

ಕೋಷ್ಟಕದ ನಂತರ ಒಂದು ಖಾಲಿ ಅಡ್ಡ ಪುಟ ಕಾಣಿಸಿಕೊಂಡರೆ ಗಾಬರಿ ಬೇಡ. ಕೋಷ್ಟಕದ ಹಿಂದೆಯೇ ಒಂದು ಪ್ಯಾರಾ ಇರಲೇಬೇಕೆಂಬುದು ವರ್ಡ್‌ನ ಕಟ್ಟಳೆ, ಸೆಕ್ಷನ್ ಬ್ರೇಕ್ ಕೂಡ ಒಂದು ಪ್ಯಾರಾದ ಜಾಗ ಕೇಳುತ್ತದೆ. ಕೋಷ್ಟಕ ಪುಟದ ತಳದವರೆಗೆ ತುಂಬಿದ್ದರೆ ಆ ಖಾಲಿ ಸಾಲಿಗೆ ಜಾಗವಿಲ್ಲದೆ ಅದು ಮುಂದಿನ ಪುಟಕ್ಕೆ ಜಾರುತ್ತದೆ. ¶ ತೆರೆದು ಆ ಸಾಲನ್ನು ಸೆಲೆಕ್ಟ್ ಮಾಡಿ, ಅಕ್ಷರದ ಗಾತ್ರ 1 ಮಾಡಿ, ಪ್ಯಾರಾದ ಹಿಂದಿನ ಮುಂದಿನ ಅಂತರ 0, ಸಾಲಿನ ಅಂತರ Exactly 1 ಪಾಯಿಂಟ್ ಎಂದು ಕೊಟ್ಟರೆ ಅದು ಹಿಂದಿನ ಪುಟಕ್ಕೇ ಮರಳುತ್ತದೆ. ಖಾಲಿ ಪುಟ ನಿಂತದ್ದಾಗಿದ್ದು ಕೋಷ್ಟಕಕ್ಕಿಂತ ಮೊದಲಿದ್ದರೆ ಕಾರಣ ಬೇರೆ: ಹಿಂದೆಂದೋ ಹಾಕಿದ ಮಾಮೂಲಿ ಪುಟ ಬ್ರೇಕ್ ಒಂದು ಸೆಕ್ಷನ್ ಬ್ರೇಕ್‌ನ ಪಕ್ಕದಲ್ಲೇ ಕೂತಿರುತ್ತದೆ. ಅದನ್ನು ಅಳಿಸಿದರಾಯಿತು.

ಇವೆಲ್ಲಕ್ಕಿಂತ ಹೆಚ್ಚು ಯೋಚನೆ ಬೇಡುವುದು ಅರ್ಧ ಖಾಲಿ ಉಳಿಯುವ ನಿಂತ ಪುಟ. ಕೋಷ್ಟಕದ ಮೊದಲಿನ ಬರಹ ಮೂವತ್ತನೇ ಪುಟದ ನಡುವಿಗೆ ಮುಗಿದರೆ ಉಳಿದ ಅರ್ಧ ಬಿಳಿಯಾಗಿಯೇ ಉಳಿಯುತ್ತದೆ, ಏಕೆಂದರೆ ಒಂದೇ ಹಾಳೆಯ ಮೇಲರ್ಧ ನಿಂತು ಕೆಳಗಿನರ್ಧ ಮಲಗಲು ಸಾಧ್ಯವಿಲ್ಲ. ಅದೇ ಪಟ್ಟಿಯಲ್ಲಿರುವ Continuous ಬ್ರೇಕ್ ಹಾಕಿದರೂ ಆಕಾರ ಬದಲಾದಾಗ ವರ್ಡ್ ಹೊಸ ಪುಟಕ್ಕೇ ಹೋಗುತ್ತದೆ. ಕೋಷ್ಟಕದ ನಂತರದ ಬರಹ ಹಿಂದಕ್ಕೆ ಹರಿದು ಆ ಜಾಗ ತುಂಬುವ ವ್ಯವಸ್ಥೆ ವರ್ಡ್‌ನಲ್ಲಿಲ್ಲ. ತುಂಬಬೇಕಾದವರು ಬರೆದವರೇ. ಕೋಷ್ಟಕದ ನಂತರ ಬರುವ ಒಂದೆರಡು ಪ್ಯಾರಾಗಳನ್ನು ಎತ್ತಿ ಮೊದಲ ಬ್ರೇಕ್‌ನ ಮೇಲಕ್ಕೆ ತಂದರೆ ಪುಟ ತುಂಬುತ್ತದೆ.

ಹಾಗೆ ಸರಿಸಬೇಕೆಂದರೆ ಬರಹದಲ್ಲಿ "ಕೆಳಗಿನ ಕೋಷ್ಟಕದಲ್ಲಿ" ಎಂಬಂಥ ಮಾತು ಇರಕೂಡದು. "ಕೋಷ್ಟಕ 3ರಲ್ಲಿ" ಎಂದಿರಬೇಕು. ಆ 3 ಅನ್ನು ಕೈಯಲ್ಲಿ ಟೈಪ್ ಮಾಡದೆ, ಕೋಷ್ಟಕದ ಶೀರ್ಷಿಕೆಯನ್ನು References ಟ್ಯಾಬಿನ Insert Caption ಮೂಲಕ ಹಾಕಿ, ಬರಹದಲ್ಲಿ Cross-reference ಮೂಲಕ ಕರೆದರೆ, ಮುಂದೆ ಮತ್ತೊಂದು ಕೋಷ್ಟಕ ಸೇರಿ ಇದು ನಾಲ್ಕನೆಯದಾದರೂ ಇಡೀ ಫೈಲು ಸೆಲೆಕ್ಟ್ ಮಾಡಿ F9 ಒತ್ತಿದಾಗ ಎಲ್ಲ ಕಡೆ ಸಂಖ್ಯೆ ಸರಿಹೋಗುತ್ತದೆ. ಹೀಗೆ ಪ್ಯಾರಾ ಸರಿಸಿ ಪುಟ ತುಂಬುವ ಕೆಲಸವನ್ನು ಬರಹ ಪೂರ್ತಿ ಮುಗಿದು ತಿದ್ದುಪಡಿ ಆದ ಮೇಲೆಯೇ ಮಾಡಬೇಕು. ನಡುವೆ ಮಾಡಿದರೆ ಮಾರ್ಗದರ್ಶಕರು ಹಿಂದಿನ ಅಧ್ಯಾಯದಲ್ಲಿ ಒಂದು ಪ್ಯಾರಾ ತೆಗೆಸಿದ ದಿನ ಎಲ್ಲವನ್ನೂ ಮತ್ತೆ ಹೊಂದಿಸಬೇಕಾಗುತ್ತದೆ.

ಅಡ್ಡ ಪುಟಕ್ಕೂ ಮಿತಿ ಇದೆ. ನಮ್ಮದೇ ಕೋಷ್ಟಕದಲ್ಲಿ ಪ್ರತಿ ತಿಂಗಳಿಗೆ ವಾಡಿಕೆ ಮಳೆ, ಆದ ಮಳೆ ಎಂದು ಎರಡೆರಡು ಕಾಲಂ ಕೇಳಿದರೆ ಅಂಕಿಗಳ ಕಾಲಂ 26 ಆಗುತ್ತದೆ, 21.62 ಸೆಂ.ಮೀ.ನಲ್ಲಿ ತಲಾ 0.83. ಮತ್ತೆ ಆರು ಪಾಯಿಂಟಿಗಿಂತಲೂ ಕೆಳಗೆ ಇಳಿಯಬೇಕಾದ ಪರಿಸ್ಥಿತಿ. ಹಾಳೆಯ ಅಳತೆಯೂ ಸೆಕ್ಷನ್‌ಗೇ ಸೇರಿದ್ದಾದ್ದರಿಂದ ಆ ಒಂದು ಸೆಕ್ಷನ್ನನ್ನು ಮಾತ್ರ ಎ3 ಮಾಡಬಹುದು. ಅಡ್ಡ ಹಿಡಿದ ಎ3 ಹಾಳೆಯ ಅಗಲ 42 ಸೆಂ.ಮೀ. ಅಂಚು ಮತ್ತು ಹೆಸರಿನ ಕಾಲಂ ಕಳೆದರೆ ಒಂದೊಂದು ಅಂಕಿ ಕಾಲಂಗೆ 1.3 ಸೆಂ.ಮೀ.; ಒಂಬತ್ತು ಪಾಯಿಂಟಿನಲ್ಲಿ ಓದುವಂತೆ ಕೂರುತ್ತದೆ. ಅದಕ್ಕೆ ಎ3 ಪ್ರಿಂಟರ್ ಇರುವ ಡಿಟಿಪಿ ಅಂಗಡಿ ಹುಡುಕಬೇಕು, ಹಾಳೆಯನ್ನು ಮಡಚಿ ಬೈಂಡ್ ಮಾಡಿಸಬೇಕು, ಆ ಹಾಳೆಯ ಹಿಂಬದಿ ಖಾಲಿ ಬಿಡಬೇಕು. ನನ್ನನ್ನು ಕೇಳಿದರೆ ಅಂಥ ಕೋಷ್ಟಕವನ್ನು ಜನವರಿಯಿಂದ ಜೂನ್, ಜುಲೈಯಿಂದ ಡಿಸೆಂಬರ್ ಎಂದು ಎರಡಾಗಿ ಒಡೆದು, ಹೋಬಳಿಯ ಹೆಸರಿನ ಕಾಲಂ ಎರಡರಲ್ಲೂ ಇಟ್ಟು, ಒಂದೇ ಅಡ್ಡ ಸೆಕ್ಷನ್‌ನೊಳಗೆ ಒಂದರ ಹಿಂದೆ ಒಂದು ಕೊಡುವುದೇ ಓದುವವರಿಗೆ ಹಿತ.

ಕೋಷ್ಟಕವನ್ನು ಚಿತ್ರವಾಗಿ ಮಾಡಿ, ಆ ಚಿತ್ರವನ್ನು ತಿರುಗಿಸಿ ನಿಂತ ಪುಟದಲ್ಲೇ ಅಂಟಿಸುವ ಅಭ್ಯಾಸವನ್ನು ಮಾತ್ರ ಬಿಡಬೇಕು. ಪಿಡಿಎಫ್‌ನಲ್ಲಿ ಅದು ಕತ್ತು ವಾಲಿಸಿ ಓದಬೇಕಾದ ಚಿತ್ರವಾಗಿ ಕಾಣುತ್ತದೆ, ಹೋಬಳಿಯ ಹೆಸರು ಹುಡುಕಿದರೆ ಸಿಗುವುದಿಲ್ಲ, ಒಂದು ಅಂಕಿ ತಪ್ಪಿದ್ದರೂ ಇಡೀ ಚಿತ್ರ ಮತ್ತೆ ಮಾಡಬೇಕು. ಅಂಗಡಿಗೆ ಮುದ್ರಣಕ್ಕೆ ಕೊಡುವಾಗ ವರ್ಡ್ ಫೈಲಿನ ಬದಲು ಪಿಡಿಎಫ್ ಮಾಡಿಯೇ ಕೊಡಿ. ಆ ಕಂಪ್ಯೂಟರಿನಲ್ಲಿ ನಿಮ್ಮ ಕನ್ನಡ ಫಾಂಟ್ ಇಲ್ಲದಿದ್ದರೆ ಸಾಲುಗಳು ಉದ್ದವಾಗಿ ಪುಟಗಳೆಲ್ಲ ಜಾರುತ್ತವೆ. ಎರಡು ಬದಿ ಮುದ್ರಿಸುವುದಾದರೆ ಅಡ್ಡ ಪುಟ ಮತ್ತು ಅದರ ಹಿಂದಿನ, ಮುಂದಿನ ಪುಟ, ಇಷ್ಟನ್ನು ಮೊದಲು ಮುದ್ರಿಸಿ, ಹಾಳೆಗಳನ್ನು ಹೊಲಿಗೆಯ ಕಡೆಯಿಂದ ಜೋಡಿಸಿ ಹಿಡಿದು, ಕೋಷ್ಟಕದ ತಲೆ ಹೊಲಿಗೆಯ ಕಡೆಗೇ ಇದೆಯೇ ಎಂದು ನೋಡಿಕೊಂಡು ಉಳಿದದ್ದಕ್ಕೆ ಒಪ್ಪಿಗೆ ಕೊಡಿ.